ಬೆಳಗಿನ ಐದೂವರೆಗೆ ದಿನ ಶುರುವಾಗುತ್ತಿದ್ದ ವರದಿ

ಹಾಲಿನ ವ್ಯಾಪಾರದಲ್ಲಿ ದಿನದ ದೊಡ್ಡ ಕೆಲಸವೆಲ್ಲ ಊರು ಏಳುವ ಮೊದಲೇ ಮುಗಿದಿರುತ್ತದೆ. ನಾನು ವರದಿಗಳನ್ನು ನೋಡಿಕೊಳ್ಳುವ ಡೇರಿಯಲ್ಲಿ ರಾತ್ರಿ 1 ಗಂಟೆಗೆ ಲೋಡಿಂಗ್ ಶುರುವಾಗುತ್ತದೆ. ರೂಟಿನ ವಾಹನಗಳು ಒಂದೊಂದಾಗಿ ಗೇಟಿಗೆ ಬಂದಂತೆ ಇಂಡೆಂಟ್ ನೋಡಿ, ಕ್ರೇಟ್ ಎಣಿಸಿ, ಬಿಲ್ ಹಾಕಿ ಕಳುಹಿಸುತ್ತಾರೆ. ಆ ಬಿಲ್ಲುಗಳು ಗೇಟಿನ ಬಿಲ್ಲಿಂಗ್ ವ್ಯವಸ್ಥೆಯಲ್ಲಿ ಸೇರುತ್ತವೆ. ಅಲ್ಲಿಂದ ಗಂಟೆಗೊಮ್ಮೆ ಇನ್ನೊಂದು ಡೇಟಾಬೇಸಿಗೆ ನಕಲಾಗುತ್ತವೆ, ಇದಕ್ಕೆ ಸಿಂಕ್ ಎನ್ನುತ್ತೇವೆ. ಮಾರಾಟ ವಿಭಾಗದವರೂ ಲೆಕ್ಕಪತ್ರ ವಿಭಾಗದವರೂ ನೋಡುವ ವರದಿ ಆ ನಕಲಿನಿಂದ ತಯಾರಾಗುತ್ತದೆ.

ಬೆಳಿಗ್ಗೆ ರವಾನೆ ವಿಭಾಗದ ಮೇಲ್ವಿಚಾರಕರು ಗೇಟಿನ ಪರದೆ ನೋಡಿ ಒಂದು ಸಂಖ್ಯೆ ಹೇಳುತ್ತಿದ್ದರು, ಮಾರಾಟದವರು ವರದಿ ನೋಡಿ ಇನ್ನೊಂದು ಹೇಳುತ್ತಿದ್ದರು. ಕೇಳಿದವರಿಗೆಲ್ಲ ತಾಂತ್ರಿಕ ವಿಭಾಗದಿಂದ ಹೋಗುತ್ತಿದ್ದ ಉತ್ತರ ಒಂದೇ: ಸಿಂಕ್ ತಡವಾಗಿದೆ, ಸ್ವಲ್ಪ ಕಾಯಿರಿ. ಕಾದರೂ ಸಂಖ್ಯೆ ಸರಿಹೋಗುತ್ತಿರಲಿಲ್ಲ. ಕಾದು ಸೋತವರು ವರದಿಯನ್ನೇ ನಂಬುವುದನ್ನು ಬಿಟ್ಟು, ರೂಟುವಾರು ಲೆಕ್ಕವನ್ನು ತಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದ್ದರು. ವಿವರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಮೊದಲು ನಿರ್ಧರಿಸಿದ್ದು, ‘ಸಿಂಕ್ ತಡ’ ಎಂಬ ಮಾತನ್ನು ಎಲ್ಲದಕ್ಕೂ ಉತ್ತರವಾಗಿ ಬಳಸಬಾರದು ಎಂದು. ನಾನು ನೋಡಿದಂತೆ ಅಲ್ಲಿ ಮೂರು ಬೇರೆ ಬೇರೆ ವ್ಯತ್ಯಾಸಗಳು ಒಂದರೊಳಗೊಂದು ಸೇರಿಕೊಂಡಿದ್ದವು. ತಡ ಅವುಗಳಲ್ಲಿ ಒಂದು ಮಾತ್ರ, ಅದೂ ಚಿಕ್ಕದು.

ಒಂದು ಮಂಗಳವಾರ ಬೆಳಿಗ್ಗೆ 7 ಗಂಟೆಗೆ ಎರಡೂ ಪರದೆಗಳ ಸಂಖ್ಯೆಯನ್ನು ಕಾಗದದ ಮೇಲೆ ಇಳಿಸಿಕೊಂಡೆ. ಮಧ್ಯರಾತ್ರಿಯಿಂದ ಆ ಹೊತ್ತಿನವರೆಗೆ ಹೊರಟ ಕ್ರೇಟುಗಳು ಗೇಟಿನ ಪರದೆಯಲ್ಲಿ 5,200 ಇದ್ದವು. ವರದಿಯಲ್ಲಿ ಮಂಗಳವಾರದ ಹೆಸರಿನಲ್ಲಿ ಇದ್ದದ್ದು ಬರೀ 680. ಇಷ್ಟು ದೊಡ್ಡ ಅಂತರವನ್ನು ಗಂಟೆಗೊಮ್ಮೆ ನಡೆಯುವ ಸಿಂಕ್ ಮೇಲೆ ಹೊರಿಸಲು ಸಾಧ್ಯವೇ ಇಲ್ಲ. 7 ಗಂಟೆಗೆ ಸಿಗುವ ವರದಿಯಲ್ಲಿ ಹೆಚ್ಚೆಂದರೆ ಕೊನೆಯ ಒಂದು ಗಂಟೆಯ ಬಿಲ್ಲುಗಳು ಇರುವುದಿಲ್ಲ. ಆ ಒಂದು ಗಂಟೆಯಲ್ಲಿ ಹೊರಟದ್ದು 240 ಕ್ರೇಟ್. ಉಳಿದದ್ದು ಎಲ್ಲಿ ಹೋಯಿತು ಎಂಬುದನ್ನು ಅವರೇ ಕಣ್ಣಾರೆ ನೋಡಬೇಕು ಎನಿಸಿತು.

ಅದಕ್ಕೆ ನಾನು ನಕ್ಷೆ ಬಿಡಿಸಲಿಲ್ಲ, ಸರ್ವರುಗಳ ಚಿತ್ರ ತೋರಿಸಲಿಲ್ಲ. ಒಂದೇ ಒಂದು ಬಿಲ್ ತೆಗೆದುಕೊಂಡೆ. ಅಂದು ನಸುಕಿನ 3:40ಕ್ಕೆ ಹೊರಟ ರೂಟೊಂದರ 48 ಕ್ರೇಟಿನ ಬಿಲ್ ಅದು. ಮೇಲ್ವಿಚಾರಕರು ಆ ವಾಹನವನ್ನು ತಾವೇ ನಿಂತು ಕಳುಹಿಸಿದ್ದರು. ಬಿಲ್ ಸಂಖ್ಯೆ ಅವರ ನೋಟ್‌ಬುಕ್ಕಿನಲ್ಲೂ ಇತ್ತು. ಲೆಕ್ಕಪತ್ರದ ಮೇಡಂ ಮತ್ತು ಅವರು ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ ಒಂದೇ ಬಿಲ್ಲಿನ ಮುಂದೆ ಮೂರು ಸಂಗತಿ ಬರೆದೆ: ಬಿಲ್ ಆದದ್ದು ಮಂಗಳವಾರ 3:40ಕ್ಕೆ, ನಕಲಿಗೆ ಬಂದದ್ದು 4 ಗಂಟೆಯ ಸಿಂಕ್‌ನಲ್ಲಿ, ವರದಿ ಅದನ್ನು ಸೇರಿಸಿಕೊಂಡದ್ದು ಸೋಮವಾರದ ಲೆಕ್ಕಕ್ಕೆ.

“ಬಂದು ಸೇರಿದೆಯಲ್ಲ ಸರ್, ಮತ್ತೆ ಸೋಮವಾರಕ್ಕೆ ಯಾಕೆ ಹೋಯಿತು?” ಎಂದು ಮೇಲ್ವಿಚಾರಕರು ಕೇಳಿದರು. ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು. ಬಿಲ್ ಬರುವುದು ತಡವಾಗಿಲ್ಲ, ಬಂದ ಮೇಲೆ ಬೇರೆ ದಿನದ ಲೆಕ್ಕಕ್ಕೆ ಬಿದ್ದಿದೆ ಎಂಬುದು ಅವರ ಬಾಯಿಂದಲೇ ಬಂದಂತಾಯಿತು.

ಕಾರಣ ಇಷ್ಟೇ. ನಕಲಿನ ಡೇಟಾಬೇಸ್ ಕಾಲವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾಗಿ ಇಟ್ಟುಕೊಂಡಿರುವ ಗಡಿಯಾರದಲ್ಲಿ ಓದುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಅಲ್ಲಿ ಮಧ್ಯರಾತ್ರಿ ಆದಾಗ ಇಲ್ಲಿ ಬೆಳಗಿನ 5:30. ವರದಿಯಲ್ಲಿ ತಾರೀಕನ್ನು ಆ ಗಡಿಯಾರದ ಪ್ರಕಾರವೇ ಕತ್ತರಿಸಿದ್ದರಿಂದ, ನಮ್ಮ ರಾತ್ರಿ 12ರಿಂದ 5:30ರವರೆಗಿನ ಬಿಲ್ಲುಗಳೆಲ್ಲ ಹಿಂದಿನ ದಿನಕ್ಕೆ ಸೇರುತ್ತಿದ್ದವು. ಹಗಲು ಹೊತ್ತಿನ ಅಂಗಡಿಗೆ ಇದು ಗೊತ್ತೇ ಆಗುವುದಿಲ್ಲ, ಆ ಹೊತ್ತಿನಲ್ಲಿ ಅಲ್ಲಿ ವ್ಯಾಪಾರವೇ ಇಲ್ಲ. ಹಾಲು, ಹೂವು, ತರಕಾರಿ, ಪತ್ರಿಕೆ ಹಂಚುವವರಿಗೆ ಮಾತ್ರ ದಿನದ ಬಹುಪಾಲು ಕೆಲಸ ಅಲ್ಲೇ ಬೀಳುತ್ತದೆ.

ಯುಟಿಸಿ ಎಂಬ ಹೆಸರನ್ನು ಅವರು ನೆನಪಿಡಬೇಕೆಂದು ನಾನು ಬಯಸಲಿಲ್ಲ. ಪಂಚಾಂಗದಲ್ಲಿ ವಾರ ಬದಲಾಗುವುದು ಮಧ್ಯರಾತ್ರಿಗಲ್ಲ, ಸೂರ್ಯೋದಯಕ್ಕೆ; ನಸುಕಿನ ಮೂರಕ್ಕೆ ಹುಟ್ಟಿದ ಮಗುವಿನ ಜಾತಕದಲ್ಲಿ ಹಿಂದಿನ ದಿನದ ವಾರವನ್ನೇ ಬರೆಯುತ್ತಾರೆ. ವರದಿಯ ದಿನವೂ ಹಾಗೆ 5:30ಕ್ಕೆ ಶುರುವಾಗುತ್ತಿದೆ ಎಂದೆ. ಮೇಡಂ ಒಡನೆ ಹಿಂದಿನ ಹಬ್ಬದ ಪುಟ ತೆಗೆದರು. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ನಸುಕಿನಲ್ಲಿ ಹೊರಟ ಹಾಲು, ಮೊಸರೆಲ್ಲ ವರದಿಯಲ್ಲಿ ಗುರುವಾರದ್ದಾಗಿತ್ತು. ಮಾರಾಟದವರು ಮುಂದಿನ ಹಬ್ಬಕ್ಕೆ ಹೆಚ್ಚುವರಿ ಇಂಡೆಂಟನ್ನು ಒಂದು ದಿನ ಮುಂಚೆಯೇ ಕೇಳುತ್ತಿದ್ದದ್ದು ಇದೇ ವರದಿಯನ್ನು ನೋಡಿ. ಕ್ರೇಟುಗಳ ಜಗಳಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇದು, ಏಕೆಂದರೆ ಹಾಲು ಒಂದು ದಿನ ಕಾಯುವ ಸರಕಲ್ಲ.

ತಿಂಗಳ ಮೊತ್ತದಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ ಎಂದು ಮೇಡಂ ಕೇಳಿದರು. ತಿಂಗಳ 1ನೇ ತಾರೀಕಿನ ನಸುಕಿನ ಬಿಲ್ಲುಗಳು ಹಿಂದಿನ ತಿಂಗಳಿಗೆ ಜಾರುತ್ತವೆ, ಅದೇ ರೀತಿ ಮುಂದಿನ ತಿಂಗಳ 1ರ ನಸುಕಿನವು ಈ ತಿಂಗಳಿಗೆ ಬಂದು ಸೇರುತ್ತವೆ. ಎರಡು ನಸುಕಿನ ಲೋಡೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೋದದ್ದಕ್ಕೆ ಬಂದದ್ದು ಸರಿಹೋಗಿ ಮೊತ್ತ ಬಹುತೇಕ ಹೊಂದಿಕೊಳ್ಳುತ್ತಿತ್ತು. ದಿನವಾರು ನೋಡಿದವರಿಗೆ ಮಾತ್ರ ಕಾಣುವ ತಪ್ಪು ಇದು.

ಮಂಗಳವಾರದ ಲೆಕ್ಕವನ್ನು ಈಗ ಮೂವರೂ ಸೇರಿ ಬಿಡಿಸಿದೆವು. ಗೇಟಿನಲ್ಲಿ 5,200. ಅದರಲ್ಲಿ 5:30ಕ್ಕೆ ಮೊದಲು ಹೊರಟ 4,310 ಸೋಮವಾರಕ್ಕೆ ಹೋಗಿವೆ. 6 ಗಂಟೆಯ ಸಿಂಕ್ ಆದ ಮೇಲೆ ಹೊರಟ 240 ಇನ್ನೂ ಬಂದಿಲ್ಲ. ಉಳಿಯಬೇಕಾದದ್ದು 650. ವರದಿ ಹೇಳುತ್ತಿರುವುದು 680.

ಈ 30 ಕ್ರೇಟನ್ನು ನಾನು ದಾಟಿಸಿ ಹೋಗಬಹುದಿತ್ತು. ಐದು ಸಾವಿರದ ಮುಂದೆ ಮೂವತ್ತನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಚಿಕ್ಕ ಸಂಖ್ಯೆಯನ್ನು ‘ಏನೋ ಇರಬೇಕು’ ಎಂದು ಬಿಟ್ಟರೆ ದೊಡ್ಡದರ ವಿವರಣೆಯ ಮೇಲೂ ನಂಬಿಕೆ ಉಳಿಯುವುದಿಲ್ಲ. ಇಲ್ಲಿ ವರದಿಯಲ್ಲಿ ಹೆಚ್ಚಿದೆ, ಕಡಿಮೆಯಲ್ಲ. ಹೊಸ ಬಿಲ್ ಬರುವುದು ತಡವಾದರೆ ವರದಿಯ ಸಂಖ್ಯೆ ಕಡಿಮೆಯಾಗುತ್ತದೆ, ಎಂದೂ ಹೆಚ್ಚಾಗುವುದಿಲ್ಲ. ಮೇಲ್ವಿಚಾರಕರಿಗೆ ನೆನಪಾಯಿತು: 5:40ಕ್ಕೆ ಒಬ್ಬ ಏಜೆಂಟರ ಬಿಲ್ಲನ್ನು ಬೇರೆ ರೂಟಿಗೆ ಹಾಕಿದ್ದರು, 6:20ಕ್ಕೆ ಅದನ್ನು ಅಳಿಸಿದ್ದರು. 30 ಕ್ರೇಟಿನ ಬಿಲ್. 6 ಗಂಟೆಯ ಸಿಂಕ್ ಅದನ್ನು ನಕಲು ಮಾಡಿಕೊಂಡಿತ್ತು. ಸಿಂಕ್ ಹುಡುಕುವುದು ಹಿಂದಿನ ಸಲದ ನಂತರ ಹೊಸದಾಗಿ ಬಂದ ಅಥವಾ ಬದಲಾದ ಸಾಲುಗಳನ್ನು. ಅಳಿಸಿಹೋದ ಸಾಲು ಅಲ್ಲಿ ಇಲ್ಲವೇ ಇಲ್ಲ, ಇಲ್ಲದ್ದು ಬದಲಾಯಿತೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ರಾತ್ರಿ 11ಕ್ಕೆ ಇಡೀ ಪಟ್ಟಿಯನ್ನು ಹೊಸದಾಗಿ ನಕಲು ಮಾಡುವಾಗಲಷ್ಟೇ ಆ 30 ವರದಿಯಿಂದ ಹೋಗುತ್ತದೆ.

ಇಷ್ಟಾದ ಮೇಲೆ ಅವರಿಗೆ ಗುರುತು ಹಿಡಿಯುವ ಉಪಾಯ ಹೇಳಿಕೊಡುವುದು ಸುಲಭವಾಯಿತು. ಎರಡು ಸಂಖ್ಯೆ ಹೊಂದದಿದ್ದರೆ ಅಂತರವನ್ನು ಬರೆದಿಟ್ಟುಕೊಳ್ಳಿ, ಅದು ಯಾವಾಗ ಹೋಗುತ್ತದೆ ನೋಡಿ ಎಂದೆ. ಮುಂದಿನ ಗಂಟೆಯ ಸಿಂಕ್ ಆದೊಡನೆ ಹೋದರೆ ಅದು ತಡ. ಹಗಲೆಲ್ಲ ಹಾಗೇ ಇದ್ದು ರಾತ್ರಿ 11ರ ನಕಲು ಆದೊಡನೆ ಮಾಯವಾದರೆ ಅಳಿಸಿದ ಬಿಲ್. ಆ ನಕಲಿನ ನಂತರವೂ ಉಳಿದಿದ್ದರೆ ತಾರೀಕು ಕತ್ತರಿಸಿರುವ ಜಾಗ ಬೇರೆ ಎಂದರ್ಥ. ಕಾಯುವುದರಿಂದ ಅದು ಎಂದೂ ಸರಿಹೋಗುವುದಿಲ್ಲ, ನಮಗೆ ಹೇಳಬೇಕು.

ತಾರೀಕಿನ ತಿದ್ದುಪಡಿ ಒಂದೇ ಸಾಲಿನದು. ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್, `bill_time` ಅಂಕಣ ಕಾಲವಲಯದೊಂದಿಗೆ ಇರುವಂಥದ್ದು (`timestamptz`), ಸರ್ವರಿನ ಕಾಲವಲಯ ಯುಟಿಸಿ.

```sql
-- ಮೊದಲು
bill_time::date
-- ಈಗ
(bill_time AT TIME ZONE 'Asia/Kolkata')::date
```

ಇದೇ ಕೆಲಸ ಮಾಡುವವರು ಒಂದನ್ನು ಮೊದಲು ನೋಡಿಕೊಳ್ಳಬೇಕು: ಅಂಕಣ ಕಾಲವಲಯವಿಲ್ಲದ `timestamp` ಆಗಿದ್ದರೆ ಇದೇ ಸಾಲು ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಅಲ್ಲಿರುವ ಕಾಲವನ್ನು ಭಾರತದ ಕಾಲವೆಂದೇ ತಿಳಿದು ಯುಟಿಸಿ ಕಡೆಗೆ ತಿರುಗಿಸುತ್ತದೆ.

ಅಳಿಸಿದ ಬಿಲ್ಲಿಗೆ ಪರಿಹಾರ ಗೇಟಿನಲ್ಲೇ ಆಗಬೇಕಿತ್ತು. ಈಗ ಬಿಲ್ ಅಳಿಸುವ ಬದಲು ‘ರದ್ದು’ ಎಂದು ಗುರುತು ಹಾಕುತ್ತಾರೆ. ಸಾಲು ಉಳಿಯುತ್ತದೆ, ಬದಲಾದದ್ದು ಸಿಂಕ್‌ಗೆ ಕಾಣುತ್ತದೆ, ಒಂದು ಗಂಟೆಯೊಳಗೆ ವರದಿಯೂ ಅದನ್ನು ಬಿಟ್ಟು ಎಣಿಸುತ್ತದೆ.

ತಡವನ್ನು ಮಾತ್ರ ಉಳಿಸಿಕೊಂಡೆವು. ಲೋಡಿಂಗ್ ಹೊತ್ತಿನಲ್ಲಿ ಪದೇ ಪದೇ ನಕಲು ಮಾಡಿದರೆ ಗೇಟಿನ ಡೇಟಾಬೇಸಿನ ಮೇಲೆ ಭಾರ ಬೀಳುತ್ತದೆ, ಬಿಲ್ ನಿಧಾನವಾದರೆ ವಾಹನಗಳು ಸಾಲುಗಟ್ಟುತ್ತವೆ. ಬದಲಿಗೆ ವರದಿಯ ತಲೆಯ ಮೇಲೆ ‘ಇದು 6:00ರವರೆಗಿನ ಲೆಕ್ಕ’ ಎಂದು ದೊಡ್ಡದಾಗಿ ಬರೆಸಿದೆ. ಅಲ್ಲಿ ಯಾವ ಸಮಯ ತೋರಿಸಬೇಕೆಂಬುದಕ್ಕೆ ಬಹಳ ಯೋಚಿಸಬೇಕಾಯಿತು. 6:00ಕ್ಕೆ ಶುರುವಾದ ಸಿಂಕ್ 6:08ಕ್ಕೆ ಮುಗಿಯುತ್ತದೆ. ಮುಗಿದ ಸಮಯ ತೋರಿಸಿದರೆ 6:04ರ ಬಿಲ್ ಹುಡುಕಿದವರಿಗೆ ಅದು ಸಿಗುವುದಿಲ್ಲ, ಮತ್ತೆ ಅಪನಂಬಿಕೆ. ಕೊನೆಯ ಬಿಲ್ಲಿನ ಸಮಯ ತೋರಿಸಿದರೆ ಮಧ್ಯಾಹ್ನ ಬಿಲ್ಲುಗಳೇ ಇಲ್ಲದ ಹೊತ್ತಿನಲ್ಲಿ ಸಿಂಕ್ ನಿಂತುಹೋದಂತೆ ಕಾಣುತ್ತದೆ. ಆದ್ದರಿಂದ ಸಿಂಕ್ ಶುರುವಾದ ಸಮಯವನ್ನೇ ಇಟ್ಟೆವು. ವರದಿಯ ಪುಟದಲ್ಲಿರುವ ರಿಫ್ರೆಶ್ ಗುಂಡಿ ನಕಲಿನಿಂದಲೇ ಮತ್ತೆ ಓದುತ್ತದೆ, ಗೇಟಿನ ತನಕ ಹೋಗುವುದಿಲ್ಲ ಎಂಬುದನ್ನೂ ಆಗಲೇ ಹೇಳಿದೆ. ಅದನ್ನು ಒತ್ತುತ್ತಲೇ ಇದ್ದವರು ಕೆಲವರಿದ್ದರು.

ತಿದ್ದುಪಡಿ ಹಾಕುವ ಮೊದಲು ಮೇಡಂ ಬಳಿ ಇನ್ನೊಂದು ಮಾತು ಆಡಬೇಕಿತ್ತು. ತಾರೀಕನ್ನು ಕತ್ತರಿಸುವ ಜಾಗ ಬದಲಾದರೆ ಇಂದಿನ ವರದಿ ಮಾತ್ರವಲ್ಲ, ಹಿಂದಿನ ಪ್ರತಿ ದಿನದ ಸಂಖ್ಯೆಯೂ ಬದಲಾಗುತ್ತದೆ. ಅವರು ಈಗಾಗಲೇ ಮುದ್ರಿಸಿ ಫೈಲಿನಲ್ಲಿಟ್ಟಿರುವ ಪ್ರತಿಗಳಿಗೂ ಪರದೆಗೂ ಹೊಂದುವುದಿಲ್ಲ. ತೆರಿಗೆಯ ಲೆಕ್ಕ ಗೇಟಿನ ಬಿಲ್ಲುಗಳಿಂದಲೇ ಹೋಗುತ್ತಿದ್ದುದರಿಂದ ಅದಕ್ಕೆ ತೊಂದರೆ ಇರಲಿಲ್ಲ. ಆದರೂ ಅವರು ಹಳೆಯ ಲೆಕ್ಕದ ಒಂದು ಪ್ರತಿ ಬೇಕೆಂದರು, ಅದು ನ್ಯಾಯವಾದ ಬೇಡಿಕೆ. ಆ ವರ್ಷದ ದಿನವಾರು ಸಂಖ್ಯೆಗಳನ್ನು ಹಳೆಯ ರೀತಿಯಲ್ಲೇ ಒಂದು ಪ್ರತ್ಯೇಕ ಪಟ್ಟಿಯಾಗಿ ತೆಗೆದಿಟ್ಟೆವು. ವರದಿಯ ಕೆಳಗೆ, ಯಾವ ತಾರೀಕಿನಿಂದ ದಿನವನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸಲಾಗುತ್ತಿದೆ ಎಂಬ ಸಾಲನ್ನು ಸೇರಿಸಿದೆವು. ಆ ಸಾಲಿನ ವಾಕ್ಯ ರಚಿಸಿದವರು ಮೇಡಂ. ನಾನು ಬರೆದದ್ದರಲ್ಲಿ ‘ಕಾಲವಲಯ’ ಎಂಬ ಪದವಿತ್ತು, ಅವರು ಅದನ್ನು ಹೊಡೆದುಹಾಕಿ “ನಸುಕಿನ ಲೋಡ್ ಈಗ ಅದೇ ದಿನದ ಲೆಕ್ಕಕ್ಕೆ ಸೇರುತ್ತದೆ” ಎಂದು ಬರೆದರು.