ಘಾಟಿ ಜೀಪಿಗೆ ಮೆತ್ತನೆ ಟ್ರೆಡ್: ಸಿಲಿಕಾ ಹಾಕಿದ ನನ್ನ ಅನುಭವ

ಟ್ರೆಡ್ ರಬ್ಬರಿಗೆ ಸಿಲಿಕಾ ಪುಡಿ ಬೆರೆಸೋದು ದೊಡ್ಡ ಟೈರ್ ಕಂಪನಿಗಳ ಆಟ, ಸವೆದ ಟೈರಿಗೆ ಹೊಸ ಟ್ರೆಡ್ ಹಾಕುವ ಹಾಸನದ ರೀಟ್ರೇಡಿಂಗ್ ಶೆಡ್ಡಿನಲ್ಲಿ ಆಗುವ ಕೆಲಸವಲ್ಲ ಅಂತ ರಬ್ಬರ್ ಮಾರುವವರೇ ನಕ್ಕಿದ್ದರು. ಈಗ ಚಿಕ್ಕಮಗಳೂರಿನ ಜೀಪಿನವರು ಮಳೆಗೆ ಮೊದಲೇ ಕೇಸಿಂಗ್, ಅಂದರೆ ಸವೆದ ಹಳೇ ಟೈರು, ತಂದು ಇಟ್ಟು ಹೋಗುತ್ತಾರೆ. ನಕ್ಕವರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿ ಅಳತೆ ಕೇಳಿದರು. ಸುಮ್ನೆ ಬರೆದೇ ಬಿಡೋಣ ಅನ್ನಿಸಿತು.

ಜೀಪಿನವರ ತಕರಾರು ಒಂದೇ. ಮುಳ್ಳಯ್ಯನಗಿರಿ ಕಡೆ ಮಳೆ ಹಿಡಿದರೆ ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತದೆ. ನಾವು ಹಾಕುವ ಮಾಮೂಲಿ ಟ್ರೆಡ್, ರಬ್ಬರಿನ ಗಡಸುತನ ಅಳೆಯುವ ಶೋರ್ ಮೀಟರಿನಲ್ಲಿ 65ರ ಆಸುಪಾಸು ಬರುತ್ತದೆ. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ರಬ್ಬರಿಗೆ ಬಲ ಕೊಡುವ ಕಾರ್ಬನ್ ಬ್ಲ್ಯಾಕ್ ಪುಡಿ ಇಳಿಸಿ, ಎಣ್ಣೆ ಏರಿಸಿ, 55ಕ್ಕೆ ತಂದೆ. ಹಿಡಿತವೇನೋ ಬಂತು. ಮೆತ್ತನೆ ರಬ್ಬರ್ ಜಲ್ಲಿಯ ಮೊನೆಗಳ ನಡುವೆ ಇಳಿದು ಕೂರುತ್ತದೆ, ವಾಪಸ್ ಬರಲು ಸ್ವಲ್ಪ ತಡ ಮಾಡುತ್ತದೆ. ಆ ತಡವೇ ಗ್ರಿಪ್. ಆದರೆ ಅಷ್ಟು ಒಳಗೆ ಹೋದ ರಬ್ಬರನ್ನು ಅದೇ ಮೊನೆ ಹರಿದೂ ಹಾಕುತ್ತದೆ. 65ರದ್ದು 25 ಸಾವಿರ ಕಿ.ಮೀ. ಓಡುತ್ತಿದ್ದ ಕಡೆ ಇದು 12 ಸಾವಿರಕ್ಕೆ ಬೋಳಾಯಿತು. ಸವೆದ ಟ್ರೆಡ್ ಮೇಲೆ ಕೈ ಆಡಿಸಿ ನೋಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಾಗೆ ಬೆರಳಿಗೆ ತಾಕುತ್ತದೆ. ಆ ಏಣುಗಳು ದಪ್ಪ ಇದ್ದಷ್ಟೂ ರಬ್ಬರ್ ಹರಿದು ಹೋಗುತ್ತಿದೆ ಅಂತ ಲೆಕ್ಕ.

ಆಮೇಲೆ ಸಿಲಿಕಾಗೆ ಕೈ ಹಾಕಿದೆ. ಒದ್ದೆ ರಸ್ತೆಯ ಹಿಡಿತಕ್ಕೆ ಅದು ಹೆಸರುವಾಸಿ ಅಲ್ವಾ. ನಮ್ಮ ಎರಡು ರೋಲಿನ ಮಿಲ್ಲಿನಲ್ಲೇ ಕಲಸಿದ ಮೊದಲ ಬ್ಯಾಚ್ ಪೂರ್ತಿ ತಿಪ್ಪೆಗೆ ಹೋಯಿತು. ಮೋಲ್ಡಿನಿಂದ ತೆಗೆದರೆ ಉಗುರು ಒತ್ತಿದ ಗುರುತು ಹಾಗೇ ಉಳಿಯುತ್ತಿತ್ತು, ಅಂದರೆ ಬೆಂದಿಲ್ಲ. ರಬ್ಬರ್ ಬೇಗ ಬೇಯಿಸುವ ಆಕ್ಸಿಲರೇಟರನ್ನು ಸಿಲಿಕಾ ತಾನೇ ಹೀರಿಕೊಂಡಿತ್ತು. ಅದರ ಜೊತೆಗೆ, ಸಿಲಿಕಾಗೂ ರಬ್ಬರಿಗೂ ಗಂಟು ಹಾಕಬೇಕಾದ ಸಿಲೇನ್ ಕೆಲಸ ಮಾಡಲು ಸುಮಾರು 145 ಡಿಗ್ರಿ ಬಿಸಿ ಬೇಕು. ಓಪನ್ ಮಿಲ್ಲಿನಲ್ಲಿ ಆ ಬಿಸಿ ನಿಲ್ಲುವುದೇ ಇಲ್ಲ.

ಹಾಗಾಗಿ ಪೀಣ್ಯದ ಒಂದು ಯೂನಿಟ್‌ನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ರಬ್ಬರ್ ಕಲಸುವ ನೀಡರ್ ಮಿಷನ್ ಹಿಡಿದೆ. ಅವರು 50 ಕೆ.ಜಿ.ಗಿಂತ ಕಡಿಮೆ ಮುಟ್ಟುವುದಿಲ್ಲ, ಅದು ಬೇರೆ ತಲೆನೋವು. ನೂರು ಭಾಗ ರಬ್ಬರಿನಲ್ಲಿ ಅರವತ್ತು ನ್ಯಾಚುರಲ್, ನಲವತ್ತು ಎಸ್‌ಬಿಆರ್ ಅನ್ನೋ ಸಿಂಥೆಟಿಕ್ ರಬ್ಬರ್. ಬ್ಲ್ಯಾಕ್ 25, ಸಿಲಿಕಾ 20, ಸಿಲೇನ್ 2, ಎಣ್ಣೆ ಹನ್ನೆರಡರ ಹತ್ತಿರ. ಬ್ಲ್ಯಾಕ್ ಪೂರ್ತಿ ತೆಗೆಯಬೇಡಿ. ನ್ಯಾಚುರಲ್ ರಬ್ಬರ್ ಇಷ್ಟು ಇರುವಾಗ ಬರೀ ಸಿಲಿಕಾ ನಂಬಿದರೆ ಸವೆತ ತಡೆಯಲು ಆಗುವುದಿಲ್ಲ. ಬಿಸಿ 145 ದಾಟಿದ ಮೇಲೆ ಮೂರ್ನಾಲ್ಕು ನಿಮಿಷ ಹಿಡಿದು ಇಳಿಸಬೇಕು. 160ಕ್ಕೆ ಹೋದರೆ ಸಿಲೇನ್‌ನಲ್ಲಿರುವ ಗಂಧಕವೇ ಬಿಟ್ಟುಕೊಂಡು ರಬ್ಬರ್ ಅಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. ಗಂಧಕ, ಆಕ್ಸಿಲರೇಟರ್, ಅದನ್ನು ಸಿಲಿಕಾ ಹೀರದಂತೆ ಸ್ವಲ್ಪ ಗ್ಲೈಕಾಲ್ ಎಲ್ಲ ಆಮೇಲೆ ನಮ್ಮ ಮಿಲ್ಲಿನಲ್ಲಿ, ತಣ್ಣಗಿನ ರೋಲಿನ ಮೇಲೆ. ಮಧ್ಯೆ ಎಷ್ಟು ಹೊತ್ತು ಬಿಡಬೇಕು, ಯಾವ ರೆಸಿನ್ ಎಷ್ಟು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನೀಡರ್ ಬಾಗಿಲು ತೆಗೆದಾಗ ಸ್ಪಿರಿಟ್ ವಾಸನೆ ಬಂದರೆ ಒಳ್ಳೆಯದು, ಸಿಲೇನ್ ಕೆಲಸ ಮಾಡಿದೆ. ಆ ಆಲ್ಕೋಹಾಲ್ ಒಳಗೇ ಉಳಿದರೆ ಟ್ರೆಡ್ಡಿನಲ್ಲಿ ಸಣ್ಣ ಗುಳ್ಳೆ ಬರುತ್ತದೆ. ಬ್ಲೇಡು ಒದ್ದೆ ಮಾಡಿ ಒಂದು ಚೂರು ಕುಯ್ದು ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ಕಂಡರೆ ಆ ಶೀಟು ಟೈರಿಗೆ ಬೇಡ.

ಈಗ ಮೀಟರ್ 57 ತೋರಿಸುತ್ತದೆ. ಒದ್ದೆಯಲ್ಲಿ ಹಿಡಿತ 55ರ ಬರೀ ಬ್ಲ್ಯಾಕಿಗಿಂತ ಚೆನ್ನಾಗಿದೆ ಅಂತ ಡ್ರೈವರುಗಳೇ ಹೇಳುತ್ತಾರೆ. ಆಯಸ್ಸು 18 ಸಾವಿರದ ಹತ್ತಿರ. ಖರ್ಚು ಕೆ.ಜಿ.ಗೆ 60 ರೂಪಾಯಿಯಷ್ಟು ಜಾಸ್ತಿ, ಒಂದು ಟೈರಿಗೆ ನಾಲ್ಕು ಕೆ.ಜಿ. ಹಿಡಿಯುತ್ತದೆ. ನಾನು 500 ಜಾಸ್ತಿ ತೆಗೆದುಕೊಳ್ಳುತ್ತೇನೆ. ಕೆಟ್ಟ ಬ್ಯಾಚುಗಳಿಗೆ ಸುರಿದ ನಲವತ್ತು ಸಾವಿರ ಯಾರು ಕೊಡುತ್ತಾರೆ?

ನಡುವೆ ಭತ್ತದ ಹೊಟ್ಟಿನ ಬೂದಿಯನ್ನೂ ಹಾಕಿ ನೋಡಿದೆ. ಅದರಲ್ಲೂ ಸಿಲಿಕಾನೇ ಇರುವುದು, ರೈಸ್ ಮಿಲ್ಲಿನಲ್ಲಿ ಬಿಟ್ಟಿ ಸಿಗುತ್ತದೆ. ಜರಡಿ ಹಿಡಿದು ಬೆರೆಸಿದರೂ ರಬ್ಬರಿಗೆ ಬಲ ಬರಲಿಲ್ಲ. ಅದರ ಕಣ ತುಂಬಾ ದಪ್ಪ, ರಬ್ಬರಿನ ಪಾಲಿಗೆ ಮರಳು ಇದ್ದಂತೆ. ಎಳೆದರೆ ಕಿತ್ತು ಬರುತ್ತಿತ್ತು. ಕೊನೆಗೆ ಡೋರ್‌ಮ್ಯಾಟ್ ಮಾಡಿ ಶೆಡ್ಡಿನ ಬಾಗಿಲಿಗೆ ಹಾಕಿದೆ.

ಇದನ್ನು ಎಲ್ಲರಿಗೂ ಹಾಕಿಕೊಡುವುದಿಲ್ಲ. ಒಬ್ಬರು ಇದೇ ಟೈರಿನಲ್ಲಿ ಬೇಸಿಗೆಯಿಡೀ ಬೆಂಗಳೂರಿಗೆ ಲೋಡು ಹೊಡೆದು 8 ಸಾವಿರಕ್ಕೇ ಮುಗಿಸಿದರು. ಕಾದ ಹೈವೇಯಲ್ಲಿ, ಲೋಡಿನ ಕೆಳಗೆ, ಟ್ರೆಡ್ಡಿನ ಮೆತ್ತನೆ ಬ್ಲಾಕುಗಳು ಅಲ್ಲಾಡಿ ಇನ್ನೂ ಬಿಸಿಯಾಗುತ್ತವೆ. ಈಗ ಕೇಸಿಂಗ್ ಇಳಿಸುವ ಮೊದಲೇ ರೂಟ್ ಕೇಳುತ್ತೇನೆ. ಹೈವೇ ಅಂದರೆ 65ರದ್ದೇ.