ನೀರು ಬಿಸಿಯಾಗಲು ಕೊಳವೆ ಎಷ್ಟು ಉದ್ದ ಬೇಕು?

ಉಗಿಯಿಂದ ನೀರು ಕಾಯಿಸುವ ಕೊಳವೆಯ ಉದ್ದ ಲೆಕ್ಕ ಹಾಕುವವರು ಸೂತ್ರದಲ್ಲಿ ಎಡವುವುದು ಅಪರೂಪ. ಎಡವುವುದು ತಾಪಮಾನ ಆರಿಸುವಲ್ಲಿ.

ಒಂದು ಉದಾಹರಣೆ ನೋಡೋಣ. ತಾಮ್ರದ ಕೊಳವೆಯ ಒಳವ್ಯಾಸ 25 ಮಿ.ಮೀ. ಸೆಕೆಂಡಿಗೆ ಅರ್ಧ ಕಿಲೋ ನೀರು 20 ಡಿಗ್ರಿಯಲ್ಲಿ ಒಳಬಂದು 60 ಡಿಗ್ರಿಯಲ್ಲಿ ಹೊರಹೋಗಬೇಕು. ಹೊರಗಿನ ಉಗಿಯಿಂದ ಗೋಡೆ 100 ಡಿಗ್ರಿಯಲ್ಲೇ ಇರುತ್ತದೆ ಎಂದಿಟ್ಟುಕೊಳ್ಳಿ.

ಬೇಕಾದ ಶಾಖ: 0.5 × 4179 × 40, ಅಂದರೆ ಸುಮಾರು 83.6 ಕಿಲೋವ್ಯಾಟ್. ಇದು ಸುಲಭ.

ಮುಂದೆ ನೀರಿನ ಗುಣಗಳು. ಇವನ್ನು ಒಳಬರುವ ನೀರಿನ ತಾಪಮಾನದಲ್ಲಿ ಓದಬೇಡಿ. ಎರಡು ತುದಿಗಳ ಸರಾಸರಿಯಾದ 40 ಡಿಗ್ರಿಯಲ್ಲಿ ಓದಿ. ಅಲ್ಲಿ ಸ್ನಿಗ್ಧತೆ 0.000653, ಉಷ್ಣವಾಹಕತೆ 0.631, ಪ್ರಾಂಡ್ಟ್ಲ್ ಸಂಖ್ಯೆ 4.32. ರೆನಾಲ್ಡ್ಸ್ ಸಂಖ್ಯೆ 39,000 ಬರುತ್ತದೆ. ಅದು 10,000 ದಾಟಿರುವುದರಿಂದ ಡಿಟಸ್-ಬೋಲ್ಟರ್ ಸೂತ್ರ ಬಳಸಬಹುದು:

```
Nu = 0.023 Re^0.8 Pr^0.4
```

ಘಾತ 0.4 ಇರುವುದು ನೀರು ಬಿಸಿಯಾಗುವಾಗ, ತಣ್ಣಗಾಗುವಾಗ 0.3. ನಸೆಲ್ಟ್ ಸಂಖ್ಯೆ 194, ಶಾಖ ವರ್ಗಾವಣೆ ಗುಣಾಂಕ ಸುಮಾರು 4,900. ಗುಣಗಳನ್ನು 20 ಡಿಗ್ರಿಯಲ್ಲಿ ಓದಿದ್ದರೆ ಗುಣಾಂಕ 4,000ಕ್ಕೆ ಇಳಿದು, ಕೊಳವೆ ವೃಥಾ ಮುಕ್ಕಾಲು ಮೀಟರಿಗೂ ಹೆಚ್ಚು ಉದ್ದವಾಗುತ್ತಿತ್ತು. ಯಾವ ತಾಪಮಾನದ ಗುಣಗಳನ್ನು ತೆಗೆದುಕೊಂಡಿತೆಂದು ಹೇಳದ ಅಂತರ್ಜಾಲದ ಲೆಕ್ಕಯಂತ್ರಗಳನ್ನು ಮುಟ್ಟದಿರುವುದೇ ಒಳ್ಳೆಯದು.

ಈಗ ನಿಜವಾದ ಮುಳ್ಳು: ಗೋಡೆಗೂ ನೀರಿಗೂ ಇರುವ ಅಂತರ. ಆರಂಭದಲ್ಲಿ ಅದು 80 ಡಿಗ್ರಿ, ಕೊನೆಯಲ್ಲಿ 40. ಆರಂಭದ 80ನ್ನೇ ಉದ್ದಕ್ಕೂ ಹಿಡಿದರೆ ಉದ್ದ 2.7 ಮೀಟರ್ ಬರುತ್ತದೆ. ಅಷ್ಟು ಕೊಳವೆ ಜೋಡಿಸಿದರೆ ನೀರು 51 ಡಿಗ್ರಿಯ ಆಸುಪಾಸಿನಲ್ಲೇ ಹೊರಬರುತ್ತದೆ. ಅಂತರ ಕುಗ್ಗಿದಂತೆ ಶಾಖ ಹರಿಯುವ ವೇಗವೂ ಕುಗ್ಗುತ್ತದೆ. ಹಾಗಾಗಿ ನೀರಿನ ತಾಪಮಾನ ಸರಳರೇಖೆಯಲ್ಲಿ ಏರುವುದಿಲ್ಲ. ಮೊದಲು ಬೇಗ, ಆಮೇಲೆ ನಿಧಾನ. ಇದಕ್ಕೆ ಲಾಗರಿದಮ್ ಸರಾಸರಿಯೇ ಸರಿ: (80 − 40) / ln(80/40) = 57.7 ಡಿಗ್ರಿ. ಸಾದಾ ಸರಾಸರಿ 60 ಇದಕ್ಕೆ ಹತ್ತಿರವೇ ಇದೆ, ಆ ಕಾರಣಕ್ಕೇ ಅದು ಅಪಾಯಕಾರಿ. ನೀರು 95 ಡಿಗ್ರಿಗೆ ಏರಬೇಕಿದ್ದರೆ ಸಾದಾ ಸರಾಸರಿ 42.5, ಲಾಗರಿದಮ್ ಸರಾಸರಿ 27 ಮಾತ್ರ. ಆಗ ಸಾದಾ ಸರಾಸರಿ ಹಿಡಿದರೆ ಕೊಳವೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಿಡ್ಡವಾಗುತ್ತದೆ. ಎಲ್ಲ ಲೆಕ್ಕದಲ್ಲೂ ಲಾಗರಿದಮ್ಮನ್ನೇ ಬಳಸಿ.

ಶಾಖವನ್ನು ಗುಣಾಂಕ, ಸುತ್ತಳತೆ ಮತ್ತು 57.7ರಿಂದ ಭಾಗಿಸಿದರೆ ಉದ್ದ 3.76 ಮೀಟರ್. ಇದು ವ್ಯಾಸದ 150 ಪಟ್ಟು. ಹತ್ತು ಪಟ್ಟಿಗಿಂತ ಕಡಿಮೆ ಬಂದಿದ್ದರೆ ಪ್ರವೇಶದ ಬಳಿಯ ಪರಿಣಾಮ ದೊಡ್ಡದಾಗಿ ಸೂತ್ರ ಸರಿಹೊಂದುತ್ತಿರಲಿಲ್ಲ.

ಗ್ನೀಲಿನ್ಸ್ಕಿ ಸೂತ್ರದಲ್ಲಿ ಇದೇ ಲೆಕ್ಕ 3.4 ಮೀಟರ್ ಕೊಡುತ್ತದೆ. ನುಣುಪಾದ ಕೊಳವೆಗೆ ನಾನು ಅದನ್ನೇ ಹೆಚ್ಚು ನಂಬುತ್ತೇನೆ. ಆದರೂ ಗಡಸು ನೀರಿದ್ದಲ್ಲಿ ಒಳಗೆ ಸುಣ್ಣದ ಪದರ ಕಟ್ಟಿ ಶಾಖಕ್ಕೆ ಅಡ್ಡವಾಗುತ್ತದೆ, ಆದ್ದರಿಂದ 3.76ರ ಮೇಲೆ ಕಾಲು ಭಾಗ ಸೇರಿಸಿ 4.7 ಮೀಟರ್ ತರಿಸಿ.