ಕೆಂಪಾಗದೇ ಉಳಿದ ಒಂದು ಸಾಲು

ಕೆಲಸ ಹೋದಾಗ ಎರಡು ತಿಂಗಳಲ್ಲಿ ಇನ್ನೊಂದು ಸಿಗುತ್ತೆ ಅಂದುಕೊಂಡಿದ್ದೆ. ಹಿಡಿದದ್ದು ಒಂಬತ್ತು ತಿಂಗಳು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಮೊದಲ ತಿಂಗಳು ಎಲ್ಲವೂ ತಲೆಯಲ್ಲೇ ಇತ್ತು. ಒಂದು ದಿನ ಬಸ್ಸಿನಲ್ಲಿ ನಿಂತಿದ್ದಾಗ ಫೋನ್ ಬಂತು. "ನಮ್ಮಲ್ಲಿ ಅಪ್ಲೈ ಮಾಡಿದ್ರಲ್ಲ ಸರ್, ಎಕ್ಸ್‌ಪೆಕ್ಟೆಡ್ ಸಿಟಿಸಿ ಎಷ್ಟು?" ಯಾವ ಕಂಪನಿ ಅಂತಲೇ ಗೊತ್ತಾಗಲಿಲ್ಲ. ಬಾಯಿಗೆ ಬಂದಷ್ಟು ಸಂಬಳ ಹೇಳಿದೆ. "ಫಾರ್ಮ್‌ನಲ್ಲಿ ಬೇರೆ ಹಾಕಿದೀರಲ್ಲ" ಅಂದರು. ಅವತ್ತು ರಾತ್ರಿ ಗೂಗಲ್ ಶೀಟ್ಸ್ ತೆರೆದೆ.

ಮೊದಲು ಹದಿನೆಂಟು ಕಾಲಂ ಮಾಡಿದ್ದೆ. ಅದನ್ನು ತುಂಬುವುದೇ ಒಂದು ಉದ್ಯೋಗ ಆಯ್ತು. ಕೊನೆಗೆ ಉಳಿದದ್ದು ಎಂಟು: ಕಂಪನಿ, ಹುದ್ದೆ, ಯಾವ ದಾರಿಯಲ್ಲಿ ಹಾಕಿದ್ದು, ಹಾಕಿದ ದಿನ, ನಾನು ಹೇಳಿದ ಸಿಟಿಸಿ, ಈಗ ಎಲ್ಲಿಗೆ ಬಂದಿದೆ, ಮುಂದಿನ ದಿನಾಂಕ, ಟಿಪ್ಪಣಿ. ಕೆಲಸದ ಜಾಹೀರಾತಿನ ಲಿಂಕ್ ಇಡುತ್ತಿರಲಿಲ್ಲ. ಇಂಟರ್‌ವ್ಯೂ ಹೊತ್ತಿಗೆ ಆ ಪುಟ ಮಾಯವಾಗಿರುತ್ತೆ. ಅದರ ಬದಲು ಪೂರ್ತಿ ಪಠ್ಯವನ್ನೇ ಟಿಪ್ಪಣಿಯಲ್ಲಿ ಅಂಟಿಸುತ್ತಿದ್ದೆ.

ಈ ಎಂಟರಲ್ಲಿ ನಿಜವಾಗಿ ದುಡಿದದ್ದು ಏಳನೆಯದು, ಅಂದರೆ G ಕಾಲಂ. ಆ ಸಾಲನ್ನು ನಾನು ಮತ್ತೆ ಯಾವತ್ತು ಮುಟ್ಟಬೇಕು ಅನ್ನುವ ದಿನ ಅಲ್ಲಿರುತ್ತೆ. ಫಾಲೋಅಪ್ ಆಗಲಿ, ಟೆಸ್ಟ್ ಮುಗಿಸುವ ಕೊನೆ ದಿನ ಆಗಲಿ, ಎಲ್ಲಾ ಅಲ್ಲೇ. ಮೊದಲು ಅದಕ್ಕೆ "ಹಾಕಿದ ದಿನಕ್ಕೆ ಏಳು ಸೇರಿಸು" ಅಂತ ಫಾರ್ಮುಲಾ ಕೊಟ್ಟಿದ್ದೆ. ಆದರೆ ಎಚ್‌ಆರ್ "ಗುರುವಾರ ಹೇಳ್ತೀವಿ" ಅಂದರೆ ಫಾರ್ಮುಲಾಗೆ ಅದು ಹೇಗೆ ಗೊತ್ತಾಗಬೇಕು? ಹಾಗಾಗಿ ಕೈಯಲ್ಲೇ ಬರೆಯತೊಡಗಿದೆ. ಅವರು ದಿನ ಹೇಳಿದ್ದರೆ ಅದರ ಮರುದಿನ. ಏನೂ ಹೇಳದಿದ್ದರೆ ಒಂದು ವಾರ. ಎರಡು ಸಲ ಬರೆದರೂ ಉತ್ತರ ಇಲ್ಲ ಅಂದರೆ G ಖಾಲಿ ಮಾಡಿ ಆ ಸಾಲಿನ ಋಣ ಮುಗಿಸುತ್ತಿದ್ದೆ.

ದಿನ ಬಂದ ಸಾಲು ತಾನಾಗಿ ಕೆಂಪಾಗಲಿ ಅಂತ A2ಯಿಂದ H ಕೊನೆವರೆಗೆ ಆರಿಸಿಕೊಂಡು, Format > Conditional formatting > Custom formula is ಅಲ್ಲಿ ಇದನ್ನು ಹಾಕಿದೆ:

```
=AND($G2<>"",$G2<=TODAY())
```

ಬೆಳಿಗ್ಗೆ ಕಾಫಿ ಜೊತೆ ಕೆಂಪು ಸಾಲು ಮಾತ್ರ ನೋಡುವುದು. ಹತ್ತು ನಿಮಿಷದ ಕೆಲಸ. ಚೆನ್ನಾಗಿಯೇ ನಡೀತಿದೆ ಅಂದುಕೊಂಡಿದ್ದೆ, ಮಾರ್ಚ್‌ವರೆಗೆ.

ಒಂದು ಕಂಪನಿ ಆನ್‌ಲೈನ್ ಟೆಸ್ಟ್ ಕಳಿಸಿತ್ತು. ಮಾರ್ಚ್ 7ರೊಳಗೆ ಮುಗಿಸಬೇಕು. G ಕಾಲಂನಲ್ಲಿ 7/3 ಅಂತ ಹಾಕಿದೆ. ಏಳನೇ ತಾರೀಖು ಸಾಲು ಬೆಳ್ಳಗೇ ಇತ್ತು. ಒಂಬತ್ತಕ್ಕೆ ನೆನಪಾಗಿ ಲಿಂಕ್ ಒತ್ತಿದರೆ ಅವಧಿ ಮುಗಿದಿತ್ತು. ಮೇಲ್ ಹಾಕಿ ಕೇಳಿಕೊಂಡೆ, ಉತ್ತರವೇ ಬರಲಿಲ್ಲ.

ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೂ ಇದನ್ನು ಹಿಡಿಯಲು ಒಂದು ಸಂಜೆ ಬೇಕಾಯ್ತು. ನನ್ನ ಶೀಟ್‌ನ ಲೊಕೇಲ್, ಅಂದರೆ ಯಾವ ದೇಶದ ರೂಢಿಯಲ್ಲಿ ದಿನಾಂಕ ಓದಬೇಕು ಅನ್ನುವ ಸೆಟ್ಟಿಂಗ್, ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನನ್ನ 7/3 ಅದಕ್ಕೆ ಜುಲೈ 3. ಜುಲೈ ಬರುವ ತನಕ ಆ ಸಾಲು ಕೆಂಪಾಗುವುದೇ ಇಲ್ಲ! ಇನ್ನೊಂದು ಕಡೆ 26/2 ಅಂತ ಹಾಕಿದ್ದೆ. ಇಪ್ಪತ್ತಾರನೇ ತಿಂಗಳು ಇಲ್ಲವಲ್ಲ, ಹಾಗಾಗಿ ಶೀಟ್ ಅದನ್ನು ದಿನಾಂಕ ಅಂತಲೇ ಒಪ್ಪದೆ ಸುಮ್ನೆ ಅಕ್ಷರವಾಗಿ ಇಟ್ಟುಕೊಂಡಿತ್ತು. ಹೋಲಿಸುವಾಗ ಅಕ್ಷರ ಯಾವಾಗಲೂ ಅಂಕಿಗಿಂತ ದೊಡ್ಡದು ಅನ್ನುವುದು ಅದರ ಲೆಕ್ಕ. ಹಾಗಾಗಿ ಅಂಥ ಸಾಲು ಯಾವತ್ತೂ ಕೆಂಪಾಗಲ್ಲ.

ಗುರುತು ಹಿಡಿಯುವುದು ಸುಲಭ. ನೀವಾಗಿ ಅಲೈನ್‌ಮೆಂಟ್ ಬದಲಿಸದಿದ್ದರೆ ನಿಜವಾದ ದಿನಾಂಕ ಕೋಶದ ಬಲಕ್ಕೆ ಒತ್ತಿಕೊಂಡಿರುತ್ತೆ, ಅಕ್ಷರ ಎಡಕ್ಕೆ. ನನ್ನ G ಕಾಲಂ ಪೂರ್ತಿ ಎಡ-ಬಲ ಓಲಾಡುತ್ತಿತ್ತು. ವಾರಗಟ್ಟಲೆ ನೋಡಿದ್ದೆ, ಅಂದಗೇಡು ಅಂದುಕೊಂಡು ಬಿಟ್ಟಿದ್ದೆ.

File > Settings ಒಳಗೆ Locale ಅನ್ನು India ಮಾಡಿದೆ. ಅಷ್ಟಕ್ಕೇ ಹಳೆಯದು ಸರಿಯಾಗಲ್ಲ. ಜುಲೈ 3 ಅಂತ ಒಳಗೆ ಕೂತದ್ದು ಜುಲೈ 3 ಆಗಿಯೇ ಉಳಿಯುತ್ತೆ, ತೋರಿಸುವ ರೀತಿ ಮಾತ್ರ ಬದಲಾಗುತ್ತೆ. ಅಕ್ಷರವಾಗಿ ಕೂತದ್ದೂ ಅಕ್ಷರವಾಗಿಯೇ ಉಳಿಯುತ್ತೆ. ದಿನ 12ರ ಒಳಗಿದ್ದ ಸಾಲುಗಳನ್ನೆಲ್ಲಾ ಮೇಲ್ ಜೊತೆ ಇಟ್ಟು ನೋಡಿ ಮತ್ತೆ ಟೈಪ್ ಮಾಡಿದೆ, ಎಡಕ್ಕೆ ಕೂತಿದ್ದವನ್ನೂ ಮತ್ತೆ ಟೈಪ್ ಮಾಡಿದೆ. ಕಾಲಂ ಫಾರ್ಮ್ಯಾಟ್ ಕೂಡ `dd-mmm` ಮಾಡಿದೆ. ಈಗ 7/3 ಹೊಡೆದರೆ 07-Mar ಅಂತ ಕಾಣುತ್ತೆ. ತಪ್ಪಾದರೆ ಅಲ್ಲೇ ಕಣ್ಣಿಗೆ ಬೀಳುತ್ತೆ.

ಹಾಗೆ ತಿದ್ದುವಾಗ ಹನ್ನೊಂದು ಸಾಲು ಒಟ್ಟಿಗೆ ಕೆಂಪಾದವು, ಎಲ್ಲವೂ ನಾನು ಮಾಡದೇ ಬಿಟ್ಟ ಫಾಲೋಅಪ್‌ಗಳು. ಎಂಟಕ್ಕೆ ತಡವಾಗಿತ್ತು. ಇಬ್ಬರು "ಬೇರೆಯವರನ್ನು ತಗೊಂಡಿದೀವಿ" ಅಂದರು. ಒಬ್ಬರು ಮಾತ್ರ, "ಅಯ್ಯೋ, ನಿಮ್ಮಿಂದ ಸುದ್ದಿ ಇಲ್ಲ ಅಂತ ಫೈಲ್ ಪಕ್ಕಕ್ಕಿಟ್ಟಿದ್ದೆ, ಸೋಮವಾರ ಬರ್ತೀರಾ?" ಅಂದರು. G ಕಾಲಂನಲ್ಲಿ ಸೋಮವಾರದ ತಾರೀಖು ಹಾಕಿದೆ. ಬಲಕ್ಕೆ ಕೂತಿದೆಯಾ ಅಂತ ನೋಡಿಕೊಂಡೆ.